ಬಸ್ ಎಲ್ಲಿದೆ ಎಂದು ಕೇಳಲು ಒಂದೇ ನಂಬರ್

ಬೆಂಗಳೂರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಮಳೆ ಹಿಡಿದರೆ ಶಾಲಾ ಬಸ್ಸುಗಳು ಸಮಯಕ್ಕೆ ಬರುವುದಿಲ್ಲ. ಸ್ಟಾಪಿನಲ್ಲಿ ಕಾಯುತ್ತಿರುವವರು ಮೊದಲು ಡ್ರೈವರ್‌ಗೆ ಫೋನ್ ಮಾಡುತ್ತಾರೆ. ಅವರು ಎತ್ತದಿದ್ದರೆ ಬಸ್ಸಿನ ಆಯಾಗೆ, ಆಮೇಲೆ ಕ್ಲಾಸ್ ಟೀಚರ್‌ಗೆ. ಕೊನೆಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ 'ಏಳನೇ ನಂಬರ್ ಬಸ್ ಎಲ್ಲಿದೆ, ಯಾರಿಗಾದರೂ ಗೊತ್ತಾ?' ಎಂಬ ಸಂದೇಶ ಬೀಳುತ್ತದೆ. ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ.

ಇದರಲ್ಲಿ ಎಲ್ಲಕ್ಕಿಂತ ಅಪಾಯದ್ದು ಡ್ರೈವರ್‌ಗೆ ಹೋಗುವ ಆ ಮೊದಲ ಕರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯು, ಗಾಡಿ ಓಡಿಸುವಾಗ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ. ಹಿಂದೆ ಮೂವತ್ತು ಮಕ್ಕಳು ಕೂತಿರುವಾಗ ಡ್ರೈವರ್ ಫೋನ್ ಎತ್ತಲಿ ಎಂದು ಬಯಸುವುದೇ ತಪ್ಪು. ಬಸ್ ಮತ್ತು ಪಿಕಪ್ ವಿಚಾರಕ್ಕೆ ಶಾಲೆ ಒಂದೇ ಸಹಾಯವಾಣಿ ನಂಬರ್ ಕೊಡುವುದರ ಮುಖ್ಯ ಲಾಭ ಇದೇ: ಡ್ರೈವರ್ ಕೈಯಿಂದ ಫೋನ್ ಇಳಿಯುತ್ತದೆ. ಶಾಲಾ ಬಸ್ಸಿನ ಮೇಲೆ ಶಾಲೆಯ ಹೆಸರು, ಫೋನ್ ನಂಬರ್ ಬರೆದಿರಬೇಕು ಎಂಬ ನಿಯಮ ಮೊದಲಿನಿಂದಲೂ ಇದೆ. ಹೊಸ ನಂಬರ್ ಬಂದ ದಿನವೇ ಅಲ್ಲಿಯೂ ಬದಲಾಯಿಸಬೇಕು.

ಆದರೆ ನಂಬರ್ ಒಂದಾದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಬಸ್ ಅರ್ಧ ಗಂಟೆ ತಡವಾಯಿತು, ಮೂವತ್ತು ಮನೆಯವರು ಕರೆ ಮಾಡಿದರು ಎಂದುಕೊಳ್ಳಿ. ಒಂದೊಂದು ಕರೆಗೆ ಎರಡು ನಿಮಿಷ ಹಿಡಿದರೂ ಒಬ್ಬರೇ ಎಲ್ಲರಿಗೂ ಉತ್ತರಿಸಲು ಒಂದು ಗಂಟೆ ಬೇಕು. ಅಷ್ಟರಲ್ಲಿ ಬಸ್ಸೇ ಬಂದಿರುತ್ತದೆ. ಹಾಗಾಗಿ ಬಸ್ ಹದಿನೈದು ನಿಮಿಷಕ್ಕಿಂತ ಹೆಚ್ಚು ತಡವಾಗುವುದು ಗೊತ್ತಾದ ಕೂಡಲೇ, ಯಾರೂ ಕೇಳುವ ಮೊದಲೇ, ಆ ರೂಟಿನ ಪೋಷಕರಿಗಷ್ಟೇ ಕಚೇರಿಯಿಂದ ಸಂದೇಶ ಹೋಗಬೇಕು. ಬಸ್ ಈಗ ಎಲ್ಲಿದೆ, ಯಾಕೆ ತಡ, ಮುಂದಿನ ಸುದ್ದಿ ಎಷ್ಟು ಗಂಟೆಗೆ ಎಂಬ ಮೂರು ಮಾತು ಅದರಲ್ಲಿದ್ದರೆ ಸಾಕು. ಆಗ ಸಹಾಯವಾಣಿಗೆ ಬರುವುದು ನಿಜವಾಗಿ ತೊಂದರೆಯಲ್ಲಿರುವವರ ಕರೆ ಮಾತ್ರ.

ನಂಬರ್ ಯಾರೋ ಒಬ್ಬ ನೌಕರರ ಸ್ವಂತ ಮೊಬೈಲಿನದ್ದಾಗಿರಬಾರದು. ಅವರು ಕೆಲಸ ಬಿಟ್ಟರೆ ನಂಬರೂ ಅವರೊಂದಿಗೆ ಹೋಗುತ್ತದೆ. ಸಿಮ್ ಶಾಲೆಯ ಹೆಸರಿನಲ್ಲಿರಲಿ, ಎತ್ತದ ಕರೆ ಇನ್ನೊಬ್ಬರ ಫೋನಿಗೆ ತಾನಾಗಿಯೇ ಹೋಗುವಂತೆ ಮಾಡಿಟ್ಟಿರಲಿ. ಶಾಲೆಯ ಗಂಟೆ ಹೊಡೆದಾಗ ಈ ಫೋನಿನ ಕೆಲಸ ಮುಗಿಯುವುದಿಲ್ಲ, ಕೊನೆಯ ಸ್ಟಾಪಿನ ಕೊನೆಯ ಮಗು ಇಳಿದಾಗ ಮುಗಿಯುತ್ತದೆ.

ಗುಂಪಿಗೆ ಹಾಕುವ ಪ್ರಕಟಣೆ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹೀಗಿದ್ದರೆ ಸಾಕು:

'ಪ್ರಿಯ ಪೋಷಕರೇ, ಸೋಮವಾರದಿಂದ ಬಸ್ ಮತ್ತು ಪಿಕಪ್‌ಗೆ ಸಂಬಂಧಿಸಿದ ಎಲ್ಲ ವಿಚಾರಕ್ಕೂ ಈ ಒಂದೇ ನಂಬರಿಗೆ ಕರೆ ಮಾಡಿ. ಸಮಯ: ಬೆಳಿಗ್ಗೆ 6.30ರಿಂದ ಎಲ್ಲ ಮಕ್ಕಳೂ ಇಳಿಯುವವರೆಗೆ. ಮಗುವಿನ ಹೆಸರು, ತರಗತಿ, ಬಸ್ ನಂಬರ್ ಮತ್ತು ಸ್ಟಾಪ್ ಹೇಳಿ. ಆ ದಿನ ಬೇರೆಯವರು ಮಗುವನ್ನು ಕರೆದೊಯ್ಯುವುದಿದ್ದರೆ ಮಧ್ಯಾಹ್ನ 1 ಗಂಟೆಯೊಳಗೆ ತಿಳಿಸಿ. ದಯವಿಟ್ಟು ಡ್ರೈವರ್‌ಗೆ ಕರೆ ಮಾಡಬೇಡಿ.'

ಇದರಲ್ಲಿ ಪಿಕಪ್ ಬದಲಾವಣೆಯ ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಇವತ್ತು ಮಗಳನ್ನು ಚಿಕ್ಕಪ್ಪ ಕರ್ಕೊಂಡು ಹೋಗ್ತಾರೆ' ಎಂದು ಯಾರಾದರೂ ಫೋನಿನಲ್ಲಿ ಹೇಳಬಹುದು. ಕರೆ ತೆಗೆದುಕೊಂಡವರು ಅಲ್ಲಿಯೇ ಒಪ್ಪಬಾರದು. ಫೋನ್ ಇಟ್ಟು, ಶಾಲೆಯ ದಾಖಲೆಯಲ್ಲಿರುವ ತಂದೆ ಅಥವಾ ತಾಯಿಯ ನಂಬರಿಗೆ ತಾವೇ ಮರಳಿ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಬರುವವರ ಹೆಸರನ್ನು ಗೇಟಿಗೂ ಬಸ್ಸಿನ ಆಯಾಗೂ ತಿಳಿಸಬೇಕು, ಗೇಟಿನಲ್ಲಿ ಅವರ ಗುರುತಿನ ಚೀಟಿ ನೋಡಬೇಕು. ಮಧ್ಯಾಹ್ನ ಒಂದರ ಗಡುವು ಇರುವುದು ಇಷ್ಟೆಲ್ಲ ಕೆಲಸಕ್ಕೆ ಸಮಯ ಸಿಗಲಿ ಎಂದು. ಮರಳಿ ಕರೆ ಬಂದಾಗ 'ಈಗಷ್ಟೇ ಹೇಳಿದೆನಲ್ಲ' ಎಂದು ಪೋಷಕರು ಬೇಸರಿಸಬಾರದು. ಇಂಥ ಬದಲಾವಣೆಯನ್ನು ಗುಂಪಿನಲ್ಲಿ ಬರೆಯಲೂಬಾರದು. ಮಗು ಯಾವಾಗ, ಯಾರ ಜೊತೆ ಹೋಗುತ್ತದೆ ಎಂಬುದು ನೂರಾರು ಜನರಿಗೆ ಗೊತ್ತಾಗಬೇಕಾದ ವಿಷಯವಲ್ಲ.

ಈ ನಂಬರಿಗೂ ಮಿತಿ ಇದೆ. ಅಪಘಾತವಾದರೆ, ಮಗು ಕಾಣೆಯಾದರೆ ಮೊದಲು 112ಕ್ಕೆ ಕರೆ ಮಾಡಿ, ಆಮೇಲೆ ಶಾಲೆಗೆ. ಮಕ್ಕಳ ಸಹಾಯವಾಣಿ 1098 ಕೂಡ ನಿಮ್ಮ ಫೋನಿನಲ್ಲಿರಲಿ.

ಇನ್ನೊಂದು ಮಾತು. ಗುಂಪಿನಲ್ಲಿರುವುದು ಅಪ್ಪ ಅಮ್ಮ, ಆದರೆ ಸಂಜೆ ಸ್ಟಾಪಿನಲ್ಲಿ ನಿಲ್ಲುವುದು ಎಷ್ಟೋ ಮನೆಗಳಲ್ಲಿ ಅಜ್ಜ, ಅಜ್ಜಿ ಇಲ್ಲವೇ ಮನೆಗೆಲಸದವರು. ಪ್ರಕಟಣೆ ಓದಿದ ಕೂಡಲೇ ಆ ನಂಬರನ್ನು ಅವರ ಫೋನಿನಲ್ಲೂ ಸೇವ್ ಮಾಡಿಕೊಡಿ, ಬಸ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.