ಪ್ಲೇಟ್‌ಲೆಟ್ ಕಡಿಮೆ: ತೊಂದರೆ ದೇಹದಲ್ಲೋ, ಟ್ಯೂಬಿನಲ್ಲೋ?

ಮಳೆಗಾಲದ ಒಂದು ಮಧ್ಯಾಹ್ನ. ಕುಣಿಗಲ್‌ನ ಒಂದು ಮನೆಯಲ್ಲಿ 46 ವರ್ಷದ ತಾಯಿಗೆ ಮೂರು ದಿನದಿಂದ ಜ್ವರ. ಬೆಳಿಗ್ಗೆ ಒಂಬತ್ತೂವರೆಗೆ ಹತ್ತಿರದ ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಟ್ಟು ಬಂದಿದ್ದರು. ಎರಡು ಗಂಟೆಗೆ ಮಗನ ಮೊಬೈಲಿಗೆ ರಿಪೋರ್ಟ್ ಬಂತು: ಪ್ಲೇಟ್‌ಲೆಟ್ 34,000. ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಡೆಂಗಿ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಒಬ್ಬರು ಪಪ್ಪಾಯಿ ಎಲೆ ತಂದರು. ಮೊಹಲ್ಲಾದ ಹುಡುಗರು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ರಕ್ತದಾನಿಗಳನ್ನು ಹುಡುಕತೊಡಗಿದರು. ಸಂಜೆಯೊಳಗೆ ತಾಯಿಯನ್ನು ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆತಂದಾಗಿತ್ತು.

ಆಸ್ಪತ್ರೆಯಲ್ಲಿ ವೈದ್ಯರಿಗೆ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಜ್ವರ ಇಳಿಯುತ್ತಿತ್ತು. ಒಸಡಿನಲ್ಲಿ ರಕ್ತ ಇರಲಿಲ್ಲ, ಚರ್ಮದ ಮೇಲೆ ಕೆಂಪು ಚುಕ್ಕೆಗಳಿರಲಿಲ್ಲ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದಿತ್ತು. ಅವರು ಮತ್ತೊಮ್ಮೆ ರಕ್ತ ತೆಗೆಸಿದರು. ಈ ಸಲ ಹತ್ತೇ ನಿಮಿಷದಲ್ಲಿ ಮೆಷಿನ್‌ಗೆ ಹಾಕಿದಾಗ ಬಂದದ್ದು 1,26,000. ಅದೇ ಟ್ಯೂಬನ್ನು ಎರಡು ಗಂಟೆ ಬಿಟ್ಟು ಮತ್ತೆ ಹಾಕಿದಾಗ 41,000!

ಅದೇ ಟ್ಯೂಬು, ಅದೇ ರಕ್ತ. ತಾಯಿಯ ದೇಹದಲ್ಲಿ ಏನು ಬದಲಾದರೂ ಟ್ಯೂಬಿನೊಳಗಿನ ರಕ್ತಕ್ಕೆ ಅದು ತಟ್ಟುವಂತಿಲ್ಲ. ಹಾಗಾದರೆ ಆ ಎರಡು ಗಂಟೆಯಲ್ಲಿ 85,000 ಪ್ಲೇಟ್‌ಲೆಟ್ ಹೋದದ್ದು ಎಲ್ಲಿಗೆ? ಎಲ್ಲಿಗೂ ಹೋಗಿರಲಿಲ್ಲ. ಒಂದಕ್ಕೊಂದು ಅಂಟಿಕೊಂಡು ಗುಂಪಾಗಿದ್ದವು.

ನೇರಳೆ ಮುಚ್ಚಳದ ಟ್ಯೂಬಿನೊಳಗೆ ಏನಾಗುತ್ತದೆ?

ಸಿಬಿಸಿ ಪರೀಕ್ಷೆಗೆ ರಕ್ತ ತೆಗೆದಾಗ ಅದನ್ನು ನೇರಳೆ ಮುಚ್ಚಳದ ಪುಟ್ಟ ಟ್ಯೂಬಿಗೆ ಹಾಕುವುದನ್ನು ನೀವು ನೋಡಿರುತ್ತೀರಿ. ಅದರೊಳಗೆ ಇಡಿಟಿಎ ಎಂಬ ರಾಸಾಯನಿಕ ಮೊದಲೇ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಕ್ತ ನೀರಾಗಿಯೇ ಉಳಿದು, ಮೆಷಿನ್ ಕಣಗಳನ್ನು ಎಣಿಸಲು ಸಾಧ್ಯವಾಗುತ್ತದೆ.

ಸಾವಿರಾರು ಜನರಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಒಂದು ವಿಶೇಷವಾದ ಪ್ರತಿಕಾಯ ಇರುತ್ತದೆ. ಪ್ಲೇಟ್‌ಲೆಟ್‌ನ ಮೇಲ್ಮೈಯಲ್ಲಿ ಒಂದು ಪ್ರೋಟೀನ್ ಇದೆ. ಕ್ಯಾಲ್ಸಿಯಂ ಇರುವವರೆಗೆ ಅದು ಮಡಚಿಕೊಂಡಂತೆ ಇರುತ್ತದೆ. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಂಡಾಗ ಆ ಪ್ರೋಟೀನಿನ ಆಕಾರ ಬದಲಾಗಿ, ಒಳಗೆ ಅಡಗಿದ್ದ ಭಾಗ ಹೊರಕ್ಕೆ ಕಾಣುತ್ತದೆ. ಪ್ರತಿಕಾಯ ಅಲ್ಲಿಗೆ ಹೋಗಿ ಅಂಟುತ್ತದೆ, ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ.

ದೇಹದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಸದಾ ಇರುತ್ತದೆ, ಇಡಿಟಿಎ ಇರುವುದಿಲ್ಲ. ಆದ್ದರಿಂದ ಅಲ್ಲಿ ಈ ಗುಂಪುಗೂಡುವಿಕೆ ನಡೆಯುವುದೇ ಇಲ್ಲ. ಈ ಪ್ರತಿಕಾಯ ಇದ್ದವರಿಗೆ ಅದರಿಂದ ರಕ್ತಸ್ರಾವವಾಗುವುದಿಲ್ಲ, ಔಷಧಿಯೂ ಬೇಡ. ವೈದ್ಯಕೀಯ ಪತ್ರಿಕೆಗಳಲ್ಲಿ 1969ರಲ್ಲೇ ವರದಿಯಾದ ಈ ಸಂಗತಿಗೆ ವೈದ್ಯರು ‘ಸ್ಯೂಡೋ ಥ್ರಾಂಬೋಸೈಟೋಪೀನಿಯ’ ಎನ್ನುತ್ತಾರೆ. ಅಂದರೆ ಪ್ಲೇಟ್‌ಲೆಟ್‌ನ ಸುಳ್ಳು ಕೊರತೆ.

ಮೆಷಿನ್ ಏಕೆ ಮೋಸ ಹೋಗುತ್ತದೆ?

ಮೆಷಿನ್ ಕಣಗಳನ್ನು ಮುಖ್ಯವಾಗಿ ಗಾತ್ರ ನೋಡಿ ಗುರುತಿಸುತ್ತದೆ. ಅತಿ ಚಿಕ್ಕದಾದರೆ ಪ್ಲೇಟ್‌ಲೆಟ್, ದೊಡ್ಡದಾದರೆ ಬೇರೆ ಕಣ. ಇಪ್ಪತ್ತು ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಒಂದು ಉಂಡೆಯಾದರೆ ಮೆಷಿನ್‌ಗೆ ಅದು ಪ್ಲೇಟ್‌ಲೆಟ್ ಆಗಿ ಕಾಣುವುದಿಲ್ಲ. ಲೆಕ್ಕದಿಂದ ಇಪ್ಪತ್ತೂ ಬಿಟ್ಟುಹೋಗುತ್ತವೆ. ಕೆಲವೊಮ್ಮೆ ಆ ಉಂಡೆಯನ್ನೇ ಬಿಳಿ ರಕ್ತಕಣವೆಂದು ಎಣಿಸಿ, ಬಿಳಿ ಕಣಗಳ ಸಂಖ್ಯೆಯನ್ನು ತಪ್ಪಾಗಿ ಹೆಚ್ಚು ತೋರಿಸುವುದೂ ಉಂಟು.

ಇಲ್ಲಿ ಸಮಯವೇ ಮುಖ್ಯ. ಗುಂಪುಗೂಡುವುದು ರಕ್ತ ಟ್ಯೂಬಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಶುರುವಾಗಿ ಗಂಟೆ ಕಳೆದಂತೆ ಹೆಚ್ಚುತ್ತದೆ. ರಕ್ತ ದೇಹದ ಬಿಸಿ ಕಳೆದುಕೊಂಡು ತಣ್ಣಗಾದಂತೆಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಕುಣಿಗಲ್‌ನಲ್ಲಿ ಬೆಳಿಗ್ಗೆ ತೆಗೆದ ಟ್ಯೂಬು, ಇತರ ಟ್ಯೂಬುಗಳ ಜೊತೆ ಪೆಟ್ಟಿಗೆಯಲ್ಲಿ ತುಮಕೂರಿಗೆ ಬಂದು, ಸರದಿ ಕಾದು ಮೆಷಿನ್ ಸೇರುವಾಗ ಮೂರ್ನಾಲ್ಕು ಗಂಟೆ ಆಗಿರುತ್ತದೆ. ಮೊದಲ ರಿಪೋರ್ಟಿನಲ್ಲಿ 34,000 ಬಂದದ್ದು ಹೀಗೆ. ಹತ್ತು ನಿಮಿಷದಲ್ಲಿ ಎಣಿಸಿದಾಗ ಬಂದ 1,26,000 ಕೂಡ ಪೂರ್ತಿ ನಿಜವಲ್ಲ, ಅಷ್ಟರಲ್ಲೇ ಸ್ವಲ್ಪ ಅಂಟಿಕೊಂಡಿದ್ದವು.

ಲ್ಯಾಬ್ ಹೇಗೆ ಕಂಡುಹಿಡಿಯಿತು?

ಮೊದಲ ಸುಳಿವು ಮೆಷಿನ್ನೇ ಕೊಡುತ್ತದೆ. ಪ್ಲೇಟ್‌ಲೆಟ್‌ಗಳ ಗಾತ್ರದ ನಕ್ಷೆ ನುಣುಪಾಗಿ ಇಳಿಯುವ ಬದಲು ಅಂಕುಡೊಂಕಾಗಿ ಬರುತ್ತದೆ. ಪರದೆಯ ಮೇಲೆ ‘PLT Clumps?’ ಎಂಬಂಥ ಎಚ್ಚರಿಕೆಯೂ ಮೂಡಬಹುದು. ಆದರೆ ಪ್ರತಿ ಸಲವೂ ಈ ಎಚ್ಚರಿಕೆ ಬರುತ್ತದೆ ಎನ್ನುವಂತಿಲ್ಲ.

ಎರಡನೆಯದು ಟ್ಯೂಬನ್ನೇ ನೋಡುವುದು. ರಕ್ತ ತೆಗೆಯುವಾಗ ನರ ಸಿಗದೆ ತಡವಾದರೆ, ಅಥವಾ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಿ ಬೆರೆಸದಿದ್ದರೆ, ಒಳಗೆ ಸಣ್ಣ ಹೆಪ್ಪು ಕಟ್ಟುತ್ತದೆ. ಆಗಲೂ ಪ್ಲೇಟ್‌ಲೆಟ್ ಕಡಿಮೆ ಬರುತ್ತದೆ. ಇದು ಪ್ರತಿಕಾಯದ ವಿಷಯವಲ್ಲ, ರಕ್ತ ತೆಗೆದ ರೀತಿಯ ದೋಷ. ವ್ಯತ್ಯಾಸ ತಿಳಿಯುವುದು ಸುಲಭ: ಹೊಸದಾಗಿ ಸರಿಯಾಗಿ ತೆಗೆದು ಬೆರೆಸಿದರೆ ನೇರಳೆ ಟ್ಯೂಬಿನಲ್ಲೇ ಸರಿಯಾದ ಸಂಖ್ಯೆ ಬಂದು, ಗಂಟೆ ಕಳೆದರೂ ಅಷ್ಟೇ ಇರುತ್ತದೆ. ಪ್ರತಿಕಾಯ ಇದ್ದವರಲ್ಲಾದರೆ ಎಷ್ಟು ಚೆನ್ನಾಗಿ ತೆಗೆದರೂ ಪ್ರತಿ ಸಲ ಸಂಖ್ಯೆ ಕುಸಿಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸೂಕ್ಷ್ಮದರ್ಶಕ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದು ಬಣ್ಣ ಹಾಕಿ ನೋಡುತ್ತಾರೆ. ರಕ್ತ ಎಳೆದು ನಿಂತ ಕೊನೆಯ ತೆಳು ಅಂಚಿನಲ್ಲಿ ದೊಡ್ಡ ಗುಂಪುಗಳು ಸೇರಿಕೊಂಡಿರುತ್ತವೆ. ನಡುಭಾಗವನ್ನಷ್ಟೇ ನೋಡಿದರೆ ಅವು ತಪ್ಪಿಹೋಗಬಹುದು. ಈ ತಾಯಿಯ ಸ್ಲೈಡ್‌ನ ಅಂಚಿನ ತುಂಬ ನೇರಳೆ ಬಣ್ಣದ ಗೊಂಚಲುಗಳಿದ್ದವು. ಲ್ಯಾಬಿನವರು ಮಗನನ್ನು ಕರೆದು, “ಬನ್ನಿ ಭಾಯ್, ನೀವೇ ನೋಡಿ. ನಿಮ್ಮ ತಾಯಿಯ ಪ್ಲೇಟ್‌ಲೆಟ್ ಎಲ್ಲ ಇಲ್ಲೇ ಕೂತಿವೆ” ಎಂದು ತೋರಿಸಿದರು.

ಗುಂಪು ಇದೆ ಎಂದು ತಿಳಿದರೆ ಸಾಲದು, ನಿಜವಾದ ಸಂಖ್ಯೆಯೂ ಬೇಕು. ಅದಕ್ಕಾಗಿ ನೀಲಿ ಮುಚ್ಚಳದ ಟ್ಯೂಬಿಗೆ ಹೊಸದಾಗಿ ರಕ್ತ ತೆಗೆದರು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ಐಎನ್‌ಆರ್ ಪರೀಕ್ಷೆಗೆ ಬಳಸುವುದೂ ಇದೇ ಟ್ಯೂಬು. ಇದರಲ್ಲಿ ಇಡಿಟಿಎ ಬದಲು ಸೋಡಿಯಂ ಸಿಟ್ರೇಟ್ ದ್ರವ ಇರುತ್ತದೆ: ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ. ಅಷ್ಟರ ಮಟ್ಟಿಗೆ ರಕ್ತ ನೀರಾಗುವುದರಿಂದ ಮೆಷಿನ್ ಕೊಟ್ಟ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಮೆಷಿನ್ ತೋರಿಸಿದ್ದು 1,87,000. ಗುಣಿಸಿದರೆ ಸುಮಾರು 2,06,000. ಗೆರೆಯವರೆಗೆ ರಕ್ತ ತುಂಬದಿದ್ದರೆ ಈ ಲೆಕ್ಕವೇ ತಪ್ಪುತ್ತದೆ.

ಇದೂ ಕೊನೆಯ ಮಾತಲ್ಲ. ಕೆಲವರ ರಕ್ತ ಸಿಟ್ರೇಟ್‌ನಲ್ಲೂ ಗುಂಪುಗೂಡುತ್ತದೆ. ಅದಕ್ಕೇ ಬೆರಳ ತುದಿ ಚುಚ್ಚಿ, ಯಾವ ರಾಸಾಯನಿಕವೂ ಸೇರದ ರಕ್ತವನ್ನು ನೇರವಾಗಿ ಸ್ಲೈಡ್ ಮೇಲೆ ಎಳೆದು ನೋಡಿದರು. ಸೂಕ್ಷ್ಮದರ್ಶಕದ ಅತಿ ಹೆಚ್ಚು ಹಿಗ್ಗಿಸುವ ಮಸೂರದಲ್ಲಿ ಹತ್ತು ಕಡೆ ಎಣಿಸಿ ಸರಾಸರಿ ತೆಗೆದಾಗ ಒಂದೊಂದು ಕಡೆ 14 ಪ್ಲೇಟ್‌ಲೆಟ್. ಇದನ್ನು 15,000ದಿಂದ ಗುಣಿಸುವುದು ರೂಢಿ: 2,10,000. ಇದು ಅಂದಾಜು ಮಾತ್ರ, ಆದರೂ ಸಿಟ್ರೇಟ್ ಲೆಕ್ಕಕ್ಕೆ ಹೊಂದುತ್ತದೆ. ಎರಡು ಬೇರೆ ದಾರಿಗಳು ಒಂದೇ ಉತ್ತರ ಕೊಟ್ಟ ಮೇಲೆ ಅನುಮಾನ ಉಳಿಯಲಿಲ್ಲ. ಜ್ವರ ಸಾಮಾನ್ಯ ವೈರಲ್ ಜ್ವರ. ದಾನಿಗಳನ್ನು ವಾಪಸ್ ಕಳುಹಿಸಲಾಯಿತು.

ಎಲ್ಲ ಕೊರತೆಯೂ ಸುಳ್ಳಲ್ಲ

ಇದನ್ನು ಓದಿದವರು ಮನೆಯಲ್ಲಿ ಯಾರಿಗೋ 34,000 ಬಂದಾಗ “ಟ್ಯೂಬಿನ ದೋಷ ಇರಬಹುದು” ಎಂದು ಕೂರಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ, ಅದೂ ಹೆಚ್ಚಾಗಿ ಜ್ವರ ಬಿಡುವ ಹೊತ್ತಿನಲ್ಲಿ. ಜ್ವರ ಇಳಿದದ್ದು ಮಾತ್ರಕ್ಕೆ ಅಪಾಯ ಕಳೆದಂತಲ್ಲ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಿಂದ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ವಿಪರೀತ ಸುಸ್ತು: ಇವುಗಳಲ್ಲಿ ಒಂದು ಕಂಡರೂ ಸಂಖ್ಯೆ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪ್ರತಿಕಾಯ ಇರುವವರಿಗೂ ನಾಳೆ ಡೆಂಗಿ ಬರಬಹುದು, ಆಗ ಕೊರತೆ ನಿಜವೇ ಇರುತ್ತದೆ. ಸುಳ್ಳೋ ನಿಜವೋ ಎಂದು ತೀರ್ಮಾನಿಸಬೇಕಾದದ್ದು ಸ್ಲೈಡ್ ನೋಡಿದವರು, ನಾವಲ್ಲ.

ಹಾಗೆಯೇ ಸುಳ್ಳು ಕೊರತೆಯನ್ನು ನಿಜವೆಂದು ನಂಬುವುದೂ ಹಾನಿಕರ. ಬೇಡದ ಪ್ಲೇಟ್‌ಲೆಟ್ ಏರಿಸುವುದು, ಸ್ಟಿರಾಯ್ಡ್ ಮಾತ್ರೆ ಶುರು ಮಾಡುವುದು, ಆಪರೇಷನ್ ಮುಂದೂಡುವುದು, ಇವೆಲ್ಲ ಇದರಿಂದ ಆಗುವಂಥವು. ಆದ್ದರಿಂದ ಮೈಮೇಲೆ ಯಾವ ಲಕ್ಷಣವೂ ಇಲ್ಲದೆ ಸಂಖ್ಯೆ ಮಾತ್ರ ತೀರಾ ಕಡಿಮೆ ಬಂದರೆ, ವೈದ್ಯರನ್ನು ವಿನಯದಿಂದ ಕೇಳಿ: “ಸ್ಲೈಡ್ ನೋಡಿದ್ದಾರಾ? ಗುಂಪು ಕಟ್ಟಿದೆಯಾ?”

ಕೆಲವು ತಿಂಗಳ ನಂತರ ಅದೇ ತಾಯಿ ಗುಬ್ಬಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ ಮತ್ತೆ ಜ್ವರ ಬಂತು. ಅಲ್ಲಿನ ಸಣ್ಣ ಲ್ಯಾಬಿನಲ್ಲಿ ನೀಲಿ ಟ್ಯೂಬು ಇರಲಿಲ್ಲ. ಆದರೆ ಅವರ ಪರ್ಸಿನಲ್ಲಿ ತುಮಕೂರಿನ ವೈದ್ಯರು ಬರೆದುಕೊಟ್ಟ ಚೀಟಿ ಇತ್ತು: ‘ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಗುಂಪುಗೂಡುತ್ತದೆ. ಸ್ಲೈಡ್ ನೋಡಿ, ಸಿಟ್ರೇಟ್‌ನಲ್ಲಿ ಎಣಿಸಿ.’ ಲ್ಯಾಬಿನವರು ಬೆರಳು ಚುಚ್ಚಿ ಸ್ಲೈಡ್ ಎಳೆದು ನೋಡಿದರು. ಪ್ಲೇಟ್‌ಲೆಟ್ ಸಾಕಷ್ಟಿದ್ದವು. ಈ ಸಲ ಕಾರು ಹೊರಡಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿದೆ ಎಂದು ಒಮ್ಮೆ ಖಚಿತವಾಗಿದ್ದರೆ ಅಂಥ ಚೀಟಿಯನ್ನು ಬರೆಸಿಕೊಂಡು ಹಳೆಯ ರಿಪೋರ್ಟ್‌ಗಳ ಜೊತೆ ಇಡಿ. ಈ ಪ್ರತಿಕಾಯ ವರ್ಷಗಳವರೆಗೆ ಉಳಿಯಬಹುದು. ಆಪರೇಷನ್, ಹೆರಿಗೆ, ಹಜ್ ಯಾತ್ರೆಗೆ ಮುಂಚಿನ ತಪಾಸಣೆ, ಎಲ್ಲೇ ಆಗಲಿ ರಕ್ತ ಕೊಡುವ ಮೊದಲೇ ಅದನ್ನು ತೋರಿಸಿ.