ಅರ್ಧ ಗಂಟೆಯಲ್ಲಿ ಶಬರಿ

ರಾಮನವಮಿ ಪೆಂಡಾಲಿನಲ್ಲಿ ಹರಿಕಥೆಗೆ ಈಗ ಎಷ್ಟೋ ಕಡೆ ಸಿಗುವುದು ಅರ್ಧ ಗಂಟೆ. ಸಂಜೆಯ ಪೂಜೆ ಮುಗಿದು ಮಹಾಮಂಗಳಾರತಿ ಆಗುವವರೆಗಿನ ಹೊತ್ತು. ಪಾನಕದ ಕೊಳಗ, ಕೋಸಂಬರಿಯ ಪಾತ್ರೆ ಆಗಲೇ ಬಂದಿರುತ್ತವೆ, ಮಕ್ಕಳ ಕಣ್ಣೆಲ್ಲ ಅತ್ತಲೇ. ಪೂರ್ವರಂಗದಲ್ಲಿ ತತ್ತ್ವ ನಿರೂಪಣೆ, ಉತ್ತರರಂಗದಲ್ಲಿ ಆಖ್ಯಾನ, ನಡುನಡುವೆ ಉಪಕಥೆ ಎಂದು ರಾತ್ರಿಯೆಲ್ಲ ಬೆಳೆಯಬಲ್ಲ ಕಲೆ ಇಷ್ಟರಲ್ಲಿ ಹಿಡಿಸುವುದಿಲ್ಲ. ಅದನ್ನೇ ಅವಸರದಲ್ಲಿ ಓಡಿಸಿದರೆ ಕಥೆ ಬರೀ ವರದಿಯಾಗುತ್ತದೆ. ಒಂದು ಪ್ರಸಂಗ, ಎರಡು ಮೂರು ಪದ್ಯ ಸಾಕು. ಆ ಪದ್ಯಗಳನ್ನು ಕಥೆಯಲ್ಲಿ ಎಲ್ಲಿ ಇಡಬೇಕು ಎನ್ನುವುದರಲ್ಲಿದೆ ಕೆಲಸವೆಲ್ಲ.

ಶಬರಿಯ ಪ್ರಸಂಗವನ್ನೇ ತೆಗೆದುಕೊಳ್ಳೋಣ. ನಡೆದದ್ದು ಪಂಪಾ ಸರೋವರದ ಬಳಿ. ಆನೆಗೊಂದಿಯ ಹತ್ತಿರ ಇಂದಿಗೂ ಜನ ಆ ಕೊಳವನ್ನೂ ಶಬರಿಯ ಗುಹೆಯನ್ನೂ ನೋಡಿ ಬರುತ್ತಾರೆ. ಪೆಂಡಾಲಿನಲ್ಲಿ ಕೂತವರಲ್ಲಿ ಹಂಪಿಗೆ ಹೋದವರು ಇದ್ದೇ ಇರುತ್ತಾರೆ, ಕಥೆ ಅಲ್ಲಿಂದ ಶುರುವಾದರೆ ಪೀಠಿಕೆ ಐದು ನಿಮಿಷ ದಾಟುವುದಿಲ್ಲ.

ಎಲ್ಲರೂ ಕಾಯುವುದು ಬೋರೆಹಣ್ಣನ್ನು. ಶಬರಿ ಕಚ್ಚಿ ರುಚಿ ನೋಡಿ ಕೊಟ್ಟ ಹಣ್ಣು ವಾಲ್ಮೀಕಿಯಲ್ಲಿ ಇಲ್ಲ. ಅಲ್ಲಿ ಅವಳು ಹೇಳುವುದು, ನಿನಗಾಗಿ ಪಂಪೆಯ ದಡದಲ್ಲಿ ಬೆಳೆದ ಕಾಡಿನ ಪದಾರ್ಥಗಳನ್ನು ಕೂಡಿಟ್ಟಿದ್ದೇನೆ ಎಂದು ಮಾತ್ರ. ಎಂಜಲು ಹಣ್ಣು ಆಮೇಲಿನ ಭಕ್ತರು ಕಂಡುಕೊಂಡದ್ದು. ಇದನ್ನು ಸಭೆಗೆ ತಿಳಿಸಬೇಕು, ಆದರೆ ತಿದ್ದುವ ದನಿಯಲ್ಲಿ ಅಲ್ಲ. ಆದಿಕವಿ ಹೀಗೆ ಹೇಳಿದ, ಭಕ್ತರು ಹೀಗೆ ಕಂಡರು ಎಂದರೆ ಎರಡಕ್ಕೂ ಜಾಗ ಉಂಟು.

ವಾಲ್ಮೀಕಿ ಕೊಡುವ ಇನ್ನೊಂದು ಸಂಗತಿ ನನಗೆ ಹಣ್ಣಿಗಿಂತ ದೊಡ್ಡದು. ರಾಮ ಚಿತ್ರಕೂಟಕ್ಕೆ ಬಂದ ಹೊತ್ತಿಗೆ ಮತಂಗಾಶ್ರಮದ ಋಷಿಗಳು ಸ್ವರ್ಗಕ್ಕೆ ಹೊರಟರು. ರಾಮ ಇಲ್ಲಿಗೂ ಬರುತ್ತಾನೆ ಎಂದು ಹೇಳಿ ಶಬರಿಯನ್ನು ಬಿಟ್ಟುಹೋದರು. ಅಂದರೆ ಅವನು ಕಾಡಿನಲ್ಲಿ ಅಲೆದಷ್ಟು ಕಾಲ, ಹತ್ತು ವರ್ಷಕ್ಕೂ ಮಿಕ್ಕಿ, ಅವಳು ಒಬ್ಬಳೇ ಆಶ್ರಮ ಕಾದಳು. ಆ ಋಷಿಗಳು ಸ್ನಾನ ಮಾಡಿ ಮರಕ್ಕೆ ಹಾಕಿದ್ದ ನಾರುಬಟ್ಟೆ ಇನ್ನೂ ಒಣಗಿಲ್ಲ ಎಂದು ರಾಮನಿಗೆ ತೋರಿಸುತ್ತಾಳೆ.

ಮೊದಲ ಪದ್ಯಕ್ಕೆ ಜಾಗ ಈ ಕಾಯುವಿಕೆ. ವರ್ಷಗಳು ಕಳೆದವು ಎಂದು ಮಾತಿನಲ್ಲಿ ಹೇಳಿದರೆ ಕ್ಷಣದಲ್ಲಿ ಮುಗಿಯುತ್ತದೆ. ಕರೆಯುವ ಭಾವದ ಒಂದು ದೇವರನಾಮವನ್ನು ವಿಳಂಬದಲ್ಲಿ ಎತ್ತಿಕೊಂಡು, ಪಲ್ಲವಿಗೆ ಮತ್ತೆ ಮತ್ತೆ ಮರಳಿದರೆ ಸಭೆಯೂ ಅವಳ ಜೊತೆ ಕಾಯುತ್ತದೆ. ಚರಣ ಒಂದೇ ಸಾಕು. ಮೂರೂ ಚರಣ ಹಾಡಿದರೆ ಅದು ಕಚೇರಿಯಾಗುತ್ತದೆ, ಕಥೆ ಕೈಬಿಡುತ್ತದೆ.

ರಾಮ ಪಂಪೆಗೆ ಬರುವ ಕಡೆ ತೊರವೆ ರಾಮಾಯಣದ ಒಂದು ಭಾಮಿನಿ ಷಟ್ಪದಿ ಇಡಬಹುದು. ಇದನ್ನು ಗಮಕದ ರೀತಿಯಲ್ಲಿ, ತಾಳವಿಲ್ಲದೆ, ಮೋಹನದಂಥ ಪರಿಚಿತ ರಾಗದಲ್ಲಿ ಓದುವುದು. ಹಳೆಯ ಮಾತು ಸಂಧಿಯಲ್ಲಿ ಕೂಡಿಕೊಂಡಿರುವುದರಿಂದ ಮೊದಲ ಓದಿಗೆ ಅರ್ಧ ಜನಕ್ಕೆ ಅರ್ಥ ಹತ್ತುವುದಿಲ್ಲ. ಪದ ಬಿಡಿಸಿ ಎರಡು ಮಾತಿನಲ್ಲಿ ಅರ್ಥ ಹೇಳಿ, ತಕ್ಷಣ ಅದನ್ನೇ ಇನ್ನೊಮ್ಮೆ ಓದಬೇಕು. ಆ ಎರಡನೆಯ ಓದಿನಲ್ಲಿ ತಲೆಗಳು ತೂಗಿದರೆ ಪದ್ಯ ಮುಟ್ಟಿತು. ಇದನ್ನು ಬಿಟ್ಟು ಒಂದೊಂದು ಪದಕ್ಕೂ ಪಾಂಡಿತ್ಯ ಬೆರೆಸುವವರಿದ್ದಾರೆ. ಅಷ್ಟರಲ್ಲಿ ರಾಮ ಶಬರಿಯ ಬಾಗಿಲಲ್ಲೇ ನಿಂತಿರುತ್ತಾನೆ.

ಪದ್ಯ ಮುಗಿದ ಮೇಲೆ ಮಾತು ನಿಂತಲ್ಲಿಂದಲೇ ಮುಂದುವರಿಯಬೇಕು. "ಹೀಗೆ ಹೇಳ್ತಾರೆ ನೋಡಿ" ಎಂದು ಕಥೆಯಿಂದ ಆಚೆ ಬಂದು, ಇಂದಿನ ಮಕ್ಕಳು ಹಿರಿಯರನ್ನು ನೋಡಿಕೊಳ್ಳುವುದಿಲ್ಲ ಎಂದು ಸಭೆಯನ್ನು ಗದರಿಸುವುದು ಪೆಂಡಾಲುಗಳಲ್ಲಿ ತುಂಬ ಕೇಳಿಬರುತ್ತದೆ. ಅದರಿಂದ ಶಬರಿಗೂ ಅನ್ಯಾಯ, ಕೂತವರಿಗೂ ಅನ್ಯಾಯ. ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾದರೆ ದನಿ ಏರಿಸಬಾರದು. ಚಿಟಿಕೆ ಹಿಡಿದು ಎಲ್ಲರಿಗೂ ಬರುವ ರಾಮನಾಮ ಹೇಳಿಸಿದರೆ ಜನ ತಾವಾಗಿ ಮರಳುತ್ತಾರೆ.

ಹಣ್ಣಿನ ಘಟ್ಟಕ್ಕೆ ಹಾಡು ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮೃದಂಗವೂ ಹಾರ್ಮೋನಿಯಮ್ಮೂ ಸುಮ್ಮನಿರಲಿ, ಬರಿಯ ಮಾತು ಸಾಕು. ಆಮೇಲೆ ಶಬರಿ ಅಪ್ಪಣೆ ಬೇಡಿ ಅಗ್ನಿಯಲ್ಲಿ ದೇಹ ಬಿಟ್ಟು ಗುರುಗಳಿದ್ದಲ್ಲಿಗೆ ಹೋಗುತ್ತಾಳೆ. ಎಷ್ಟೋ ಜನ ಇದನ್ನು ಬಿಟ್ಟು ಹಣ್ಣಿಗೇ ಮುಗಿಸುತ್ತಾರೆ. ಬಿಡಬಾರದು, ಅವಳು ಕಾದದ್ದು ರಾಮನ ದರ್ಶನಕ್ಕೂ ಹೌದು, ಈ ಅಪ್ಪಣೆಗೂ ಹೌದು. ಮೂರನೆಯ ಪದ್ಯ ಇಲ್ಲಿಗೆ, ಮಧ್ಯಮಾವತಿಯಲ್ಲಿ. ಅದೇ ಮಂಗಳವೂ ಆಗುತ್ತದೆ. ರಾಮ ಮುಂದೆ ಋಷ್ಯಮೂಕಕ್ಕೆ ಹೋದ ಎನ್ನುವುದನ್ನು ಅಲ್ಲಿ ಎತ್ತಲೇಬಾರದು. ಸುಗ್ರೀವನ ಹೆಸರು ಬಂದರೆ ವಾಲಿ ಬರುತ್ತಾನೆ, ವಾಲಿ ಬಂದರೆ ಇನ್ನೊಂದು ಗಂಟೆ ಬೇಕು.