ನೆತ್ತಿಯ ಮೂಳೆ, ತೊಡೆಯ ಮೂಳೆ

ಎಣ್ಣೆ ಹಚ್ಚುವ ಅಜ್ಜಿಯ ಬೆರಳಿಗೆ ಹಸುಗೂಸಿನ ನೆತ್ತಿ ಮೆತ್ತಗೆ ಮಿಡಿಯುವುದು ತಿಳಿಯುತ್ತದೆ. ಅಲ್ಲಿ ಮೂಳೆಗಳಿನ್ನೂ ಕೂಡಿಕೊಂಡಿಲ್ಲ. ನೆತ್ತಿಯ ಸುತ್ತ ಆಸ್ಟಿಯೋಬ್ಲಾಸ್ಟ್ ಎಂಬ ಕಟ್ಟುವ ಕೋಶಗಳು ತೆಳುಪೊರೆಯಲ್ಲೇ ನೇರವಾಗಿ ಮೂಳೆ ಹೆಣೆಯುತ್ತವೆ.

ತೊಡೆಮೂಳೆಯ ದಾರಿ ಬೇರೆ. ಮೊದಲು ಮೃದ್ವಸ್ಥಿಯ ಅಚ್ಚು. ಆಮೇಲೆ ರಕ್ತನಾಳಗಳು ಒಳಹೊಕ್ಕು, ಅಚ್ಚು ಕರಗಿದ ಜಾಗಕ್ಕೆ ಮೂಳೆ ಬರುತ್ತದೆ. ತುದಿಗಳ ಬಳಿ ಉಳಿಯುವ ಮೃದ್ವಸ್ಥಿಯ ಫಲಕವೇ ಹರೆಯದವರೆಗೆ ಎತ್ತರ ಕೊಡುವುದು. ಅಕಾಂಡ್ರೋಪ್ಲೇಸಿಯಾ ಎಂಬ ವಂಶವಾಹಿ ದೋಷದಲ್ಲಿ ಈ ಫಲಕ ಸೊರಗಿ ಕೈಕಾಲು ಗಿಡ್ಡವಾಗುತ್ತವೆ. ಪೊರೆಯಲ್ಲಿ ಹುಟ್ಟುವ ನೆತ್ತಿಯ ಮೂಳೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ಎರಡು ದಾರಿಗಳ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಬಲಿತ ತೊಡೆಮೂಳೆಯ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಕಡಿದ ಮರದ ಉಂಗುರಗಳಂಥ ಆಸ್ಟಿಯಾನ್‌ಗಳು, ಒಂದೊಂದೂ ಸುಮಾರು 0.2 ಮಿ.ಮೀ. ಅಗಲ. ನಡುಗಾಲುವೆಯಲ್ಲಿ ರಕ್ತನಾಳ, ಉಂಗುರಗಳ ಸಂದಿಯಲ್ಲಿ ಆಸ್ಟಿಯೋಸೈಟ್‌ಗಳು. ಆಸ್ಟಿಯೋಕ್ಲಾಸ್ಟ್‌ಗಳು ಸುರಂಗ ಕೊರೆಯುತ್ತವೆ. ಬೆನ್ನಿಗೇ ಆಸ್ಟಿಯೋಬ್ಲಾಸ್ಟ್‌ಗಳು ಅಂಚಿನಿಂದ ಒಳಕ್ಕೆ ಪದರ ಹಾಕುತ್ತವೆ. ಕೆಲವೇ ತಿಂಗಳಲ್ಲಿ ಹೊಸ ಆಸ್ಟಿಯಾನ್ ಸಿದ್ಧ.